ಚೊಕ್ಕ ವರದಿಯೆಂಬ ಭ್ರಮೆ: ಪರಿವರ್ತಕದ ಸ್ವೀಕಾರ ಪರೀಕ್ಷೆಯಲ್ಲಿ ಸಾಕ್ಷಿಯ ಹೊಣೆ

ವಿದ್ಯುತ್ ಪರಿವರ್ತಕವೊಂದು ಕಾರ್ಖಾನೆಯಿಂದ ಹೊರಡುವ ಮುನ್ನ ಖರೀದಿದಾರರ ಪ್ರತಿನಿಧಿಯ ಕಣ್ಣೆದುರು ನಡೆಯುವ ಪರೀಕ್ಷೆಗಳ ಸರಣಿಯನ್ನು ಕಾರ್ಖಾನೆ ಸ್ವೀಕಾರ ಪರೀಕ್ಷೆ ಎಂದು ಕರೆಯಲಾಗುತ್ತದೆ. ಅದು ಮುಗಿದ ಮೇಲೆ ಆ ಪ್ರತಿನಿಧಿ, ಅಂದರೆ ತಪಾಸಣಾ ಅಧಿಕಾರಿ, ಬರೆದುಕೊಡುವ ವರದಿಯನ್ನು ಕುರಿತು ವಿದ್ಯುತ್ ಇಲಾಖೆಗಳಲ್ಲೂ ತಯಾರಕರಲ್ಲೂ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಒಳ್ಳೆಯ ವರದಿಯೆಂದರೆ ಚೊಕ್ಕ ವರದಿ, ಅಳತೆಗಳೆಲ್ಲವೂ ಮಿತಿಯೊಳಗಿವೆ ಎಂದ ಮೇಲೆ ಮತ್ತೇನನ್ನೂ ಬರೆಯಬೇಕಾಗಿಲ್ಲ, ಪರೀಕ್ಷೆಯ ನಡುವೆ ಎದುರಾದ ತೊಡಕುಗಳು ಅಲ್ಲಿಯೇ ಬಗೆಹರಿದಿದ್ದರೆ ಅವನ್ನು ಕಾಗದಕ್ಕಿಳಿಸುವುದು ವ್ಯರ್ಥ ವಿವಾದಕ್ಕೆ ದಾರಿ, ಕೊನೆಗೆ ಉಳಿಯುವ ಪ್ರಶ್ನೆ ಸ್ವೀಕೃತವೋ ತಿರಸ್ಕೃತವೋ ಎಂಬುದೊಂದೇ ಎಂಬುದು ಆ ಅಭಿಪ್ರಾಯದ ಸಾರ. ಈ ಅಭಿಪ್ರಾಯ ತಪ್ಪು, ಮತ್ತು ಅದರ ತಪ್ಪು ಬರೀ ಕಚೇರಿಯ ಶಿಸ್ತಿಗೆ ಸಂಬಂಧಿಸಿದ್ದಲ್ಲ. ವಿಚಲನೆಗಳನ್ನು, ಎಂದರೆ ಗುತ್ತಿಗೆ, ಮಾನಕ ಅಥವಾ ಒಪ್ಪಿದ ಪರೀಕ್ಷಾ ಕ್ರಮದಿಂದ ಆದ ಪ್ರತಿಯೊಂದು ವ್ಯತ್ಯಾಸವನ್ನು, ದಾಖಲಿಸದ ವರದಿಯಲ್ಲಿರುವ ಸಂಖ್ಯೆಗಳು ಏನನ್ನು ಅಳೆದವು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ. ಹಾಗಾದಾಗ ಅವುಗಳ ಮೇಲೆ ನಿಂತ ಸ್ವೀಕಾರ ನಿರ್ಧಾರಕ್ಕೂ ನೆಲೆ ಇರುವುದಿಲ್ಲ.

ವಾದವನ್ನು ಒಂದು ನಿರ್ದಿಷ್ಟ ಯಂತ್ರದ ಮೇಲೆ ನಿಲ್ಲಿಸಿ ಪರಿಶೀಲಿಸುವುದು ಒಳ್ಳೆಯದು. ಕರ್ನಾಟಕದ ಹಲವೆಡೆ 66 ಕಿಲೋವೋಲ್ಟ್ ಪ್ರಸರಣ ಮಾರ್ಗಗಳಿಂದ 11 ಕಿಲೋವೋಲ್ಟ್ ವಿತರಣಾ ಮಾರ್ಗಗಳಿಗೆ ವಿದ್ಯುತ್ತನ್ನು ಇಳಿಸುವ ಉಪಕೇಂದ್ರಗಳಿದ್ದು, ಅಲ್ಲಿ 12.5 ಎಂ.ವಿ.ಎ. ಸಾಮರ್ಥ್ಯದ ಪರಿವರ್ತಕಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಅಂಥ ಒಂದು ಪರಿವರ್ತಕವನ್ನು ಇಲ್ಲಿ ಉದಾಹರಣೆಗಾಗಿ ಕಲ್ಪಿಸಿಕೊಳ್ಳಲಾಗಿದೆ. ಮುಂದೆ ಬರುವ ಅಳತೆಗಳು ಯಾವುದೇ ಕಾರ್ಖಾನೆಯ ದಾಖಲೆಯಿಂದ ತೆಗೆದವಲ್ಲ, ಆದರೆ ಅವುಗಳ ನಡುವಿನ ಲೆಕ್ಕ ಮಾತ್ರ ಯಾವ ಕಾರ್ಖಾನೆಯಲ್ಲೂ ಹೀಗೆಯೇ ನಡೆಯುತ್ತದೆ. ತಯಾರಕರು ನಿರ್ಭಾರ ನಷ್ಟ 10 ಕಿಲೋವ್ಯಾಟ್ ಮತ್ತು ಹೊರೆ ನಷ್ಟ 60 ಕಿಲೋವ್ಯಾಟ್ ಮೀರುವುದಿಲ್ಲವೆಂದು ಖಾತರಿ ಕೊಟ್ಟಿದ್ದಾರೆ, ಮತ್ತು ಗುತ್ತಿಗೆಯು ಈ ಸಂಖ್ಯೆಗಳ ಮೇಲೆ ಒಂದು ಕಿಲೋವ್ಯಾಟಿನ ಸಡಿಲಿಕೆಯನ್ನೂ ಕೊಟ್ಟಿಲ್ಲ. ನಿರ್ಭಾರ ನಷ್ಟವೆಂದರೆ ಪರಿವರ್ತಕಕ್ಕೆ ಯಾವ ಹೊರೆಯೂ ಇಲ್ಲದಿದ್ದಾಗಲೂ ಅದರ ಕಬ್ಬಿಣದ ಕೋರ್ ಕಾಂತೀಯವಾಗುತ್ತಲೇ ಇರುವುದರಿಂದ ವ್ಯಯವಾಗುವ ಶಕ್ತಿ. ಹೊರೆ ನಷ್ಟವೆಂದರೆ ಸುರುಳಿಗಳಲ್ಲಿ ಪ್ರವಾಹ ಹರಿದಾಗ ಅವು ಕಾಯುವುದರಿಂದಲೂ, ಸುತ್ತಲಿನ ಲೋಹಭಾಗಗಳಲ್ಲಿ ಹುಟ್ಟುವ ಚದುರಿದ ಪ್ರವಾಹಗಳಿಂದಲೂ ವ್ಯಯವಾಗುವ ಶಕ್ತಿ. ಈ ಯಂತ್ರವು ಆದೇಶದ ಮೊದಲ ಘಟಕವಾದ್ದರಿಂದ, ಪ್ರತಿಯೊಂದು ಘಟಕಕ್ಕೂ ಕಡ್ಡಾಯವಾದ ನಿತ್ಯ ಪರೀಕ್ಷೆಗಳ ಜೊತೆಗೆ ವಿನ್ಯಾಸವನ್ನು ಸಾಬೀತುಪಡಿಸುವ ತಾಪಮಾನ ಏರಿಕೆಯ ಪರೀಕ್ಷೆಯೂ ಅದಕ್ಕೆ ಇದೆ.

ಚೊಕ್ಕ ವರದಿಯ ಪಕ್ಷದವರು ಅಷ್ಟಾಗಿ ಗಮನ ಕೊಡದ ಸಂಗತಿಯೊಂದರಿಂದ, ತಣ್ಣನೆಯ ಸುರುಳಿಯ ರೋಧದ ಅಳತೆಯಿಂದ, ಆರಂಭಿಸಬೇಕಾಗುತ್ತದೆ. ತಾಮ್ರದ ವಿದ್ಯುತ್ ರೋಧವು ತಾಪಮಾನ ಏರಿದಂತೆ ಏರುತ್ತದೆ, ಮತ್ತು ಆ ರೋಧ ಸೆಲ್ಸಿಯಸ್ ತಾಪಮಾನಕ್ಕೆ 235 ಕೂಡಿಸಿದಾಗ ಬರುವ ಮೊತ್ತದ ಅನುಪಾತದಲ್ಲಿರುತ್ತದೆ. ಹೀಗಾಗಿ ಎಣ್ಣೆಯಲ್ಲಿ ಮುಳುಗಿದ ಸುರುಳಿಯ ರೋಧವನ್ನು ಅಳೆದ ಕ್ಷಣದಲ್ಲಿ ಅದರ ತಾಪಮಾನ ಎಷ್ಟಿತ್ತು ಎಂಬುದನ್ನು ಜೊತೆಗೇ ಬರೆಯದಿದ್ದರೆ ಆ ಅಳತೆಗೆ ಅರ್ಥವೇ ಇಲ್ಲ. ಸುರುಳಿಯೊಳಗೆ ಉಷ್ಣಮಾಪಕವನ್ನು ಇಳಿಬಿಡಲು ಸಾಧ್ಯವಾಗದ ಕಾರಣ ಮಾನಕಗಳು ಒಂದು ಸುತ್ತುದಾರಿಯನ್ನು ಒಪ್ಪಿವೆ: ಪರಿವರ್ತಕವು ವಿದ್ಯುತ್ ಸಂಪರ್ಕವಿಲ್ಲದೆ ಕನಿಷ್ಠ 3 ಗಂಟೆ ಎಣ್ಣೆಯಲ್ಲಿ ಸುಮ್ಮನೆ ನಿಂತಿರಬೇಕು, ಆಮೇಲೆ ತೊಟ್ಟಿಯ ಮೇಲಿನ ಎಣ್ಣೆ ಮತ್ತು ಕೆಳಗಿನ ಎಣ್ಣೆ ಇವೆರಡರ ತಾಪಮಾನದ ಸರಾಸರಿಯನ್ನೇ ಸುರುಳಿಯ ತಾಪಮಾನವೆಂದು ಭಾವಿಸಬೇಕು. ಈ ಸುತ್ತುದಾರಿ ನಂಬಲರ್ಹವಾಗುವುದು ಮೇಲಿನ ಮತ್ತು ಕೆಳಗಿನ ಎಣ್ಣೆಯ ನಡುವಣ ಅಂತರ ಚಿಕ್ಕದಿದ್ದಾಗ ಮಾತ್ರ, ಏಕೆಂದರೆ ಅಂತರ ದೊಡ್ಡದಿದ್ದರೆ ಎಣ್ಣೆ ಇನ್ನೂ ತಣಿಯುತ್ತಿದೆ ಎಂದೂ, ಸುರುಳಿ ಯಾವ ತಾಪಮಾನದಲ್ಲಿದೆ ಎಂಬುದು ಯಾರಿಗೂ ತಿಳಿಯದೆಂದೂ ಅರ್ಥ.

ಉದಾಹರಣೆಯ ಪರಿವರ್ತಕದಲ್ಲಿ ಎಣ್ಣೆಯನ್ನು ಹಿಂದಿನ ರಾತ್ರಿ ತಡವಾಗಿ, ಬಿಸಿಮಾಡಿ ಶೋಧಿಸುವ ಯಂತ್ರದ ಮೂಲಕ ಹಾಯಿಸಿ ತುಂಬಲಾಗಿದೆ. ಬೆಳಿಗ್ಗೆ ಮೇಲಿನ ಎಣ್ಣೆ 36 ಡಿಗ್ರಿ, ಕೆಳಗಿನ ಎಣ್ಣೆ 26 ಡಿಗ್ರಿ ಇದೆ. ಪರೀಕ್ಷಾಂಗಣದ ಸಿಬ್ಬಂದಿ ರೋಧವನ್ನು ಅಳೆದು, ಅದೇ ಹೊತ್ತಿಗೆ ಪೂರ್ಣ ಪ್ರವಾಹ ಹರಿಸಿ ಹೊರೆ ನಷ್ಟವನ್ನೂ ಅಳೆಯುತ್ತಾರೆ. ಒಟ್ಟು 53.6 ಕಿಲೋವ್ಯಾಟ್ ಬರುತ್ತದೆ, ಅದರಲ್ಲಿ 46 ಕಿಲೋವ್ಯಾಟ್ ಸುರುಳಿಯ ರೋಧದಿಂದ, ಉಳಿದ 7.6 ಚದುರಿದ ಪ್ರವಾಹಗಳಿಂದ. ಗುತ್ತಿಗೆಯ ಖಾತರಿ ಇರುವುದು 75 ಡಿಗ್ರಿಯ ಆಧಾರ ತಾಪಮಾನಕ್ಕೆ, ಆದ್ದರಿಂದ ಇದನ್ನು ಅಲ್ಲಿಗೆ ಪರಿವರ್ತಿಸಬೇಕು. ರೋಧದ ಪಾಲು ತಾಪಮಾನದೊಂದಿಗೆ ಹೆಚ್ಚುತ್ತದೆ, ಚದುರಿದ ಪ್ರವಾಹಗಳ ಪಾಲು ಅದೇ ಅನುಪಾತದಲ್ಲಿ ಕಡಿಮೆಯಾಗುತ್ತದೆ. ಸುರುಳಿ 36 ಡಿಗ್ರಿಯಲ್ಲಿತ್ತು ಎಂದು ಬರೆದರೆ 75 ಡಿಗ್ರಿಗೆ ಹೊರೆ ನಷ್ಟ ಸುಮಾರು 59.26 ಕಿಲೋವ್ಯಾಟ್ ಆಗುತ್ತದೆ, ಖಾತರಿ ನಿಲ್ಲುತ್ತದೆ. ಸರಾಸರಿಯಾದ 31 ಡಿಗ್ರಿಯನ್ನು ಬರೆದರೆ ಅದೇ ಅಳತೆ 60.13 ಕಿಲೋವ್ಯಾಟ್ ಆಗುತ್ತದೆ, ಖಾತರಿ ಮೀರುತ್ತದೆ. ಮೀಟರು ತೋರಿಸಿದ ಸಂಖ್ಯೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಹಾಳೆಯ ಒಂದು ಖಾನೆಯಲ್ಲಿ ಬರೆದ ತಾಪಮಾನವೊಂದೇ ಫಲಿತಾಂಶವನ್ನು ಗೆರೆಯ ಈಚೆಯಿಂದ ಆಚೆಗೆ ದಾಟಿಸುತ್ತದೆ.

ಈ ಲೆಕ್ಕದ ಇನ್ನೊಂದು ಮುಖ ಅಷ್ಟೇ ಮುಖ್ಯವಾದುದು. ತಾಪಮಾನ ಏರಿಕೆಯ ಪರೀಕ್ಷೆಯಲ್ಲಿ ಪರಿವರ್ತಕಕ್ಕೆ ಅದರ ಒಟ್ಟು ನಷ್ಟಕ್ಕೆ ಸಮನಾದ ಶಕ್ತಿಯನ್ನು ಗಂಟೆಗಟ್ಟಲೆ ಉಣಿಸಿ, ಎಣ್ಣೆಯ ತಾಪಮಾನ ಸ್ಥಿರವಾದ ಮೇಲೆ ಪೂರ್ಣ ಪ್ರವಾಹ ಹರಿಸಿ, ನಿಲ್ಲಿಸಿದ ಕೂಡಲೇ ಸುರುಳಿಯ ಬಿಸಿ ರೋಧವನ್ನು ಅಳೆಯುತ್ತಾರೆ. ಬಿಸಿ ರೋಧಕ್ಕೂ ತಣ್ಣನೆಯ ರೋಧಕ್ಕೂ ಇರುವ ಅನುಪಾತದಿಂದ ಬಿಸಿ ಸುರುಳಿಯ ತಾಪಮಾನವನ್ನು ಹಿಮ್ಮುಖವಾಗಿ ಲೆಕ್ಕಹಾಕಲಾಗುತ್ತದೆ. ಅನುಪಾತ 1.20 ಬಂದಿತು, ಸುತ್ತಲಿನ ಗಾಳಿ 32 ಡಿಗ್ರಿ ಇತ್ತು, ಗುತ್ತಿಗೆಯ ಮಿತಿ 55 ಡಿಗ್ರಿ ಏರಿಕೆ ಎಂದಿಟ್ಟುಕೊಂಡರೆ, ಸಣ್ಣ ತಿದ್ದುಪಡಿಗಳನ್ನು ಬದಿಗಿಟ್ಟು, ತಣ್ಣನೆಯ ಸುರುಳಿ 31 ಡಿಗ್ರಿಯಲ್ಲಿತ್ತು ಎಂದಾಗ ಬಿಸಿ ಸುರುಳಿ 84.2 ಡಿಗ್ರಿಯೆಂದೂ ಏರಿಕೆ 52.2 ಎಂದೂ ಬರುತ್ತದೆ. 36 ಡಿಗ್ರಿಯಲ್ಲಿತ್ತು ಎಂದಾಗ ಬಿಸಿ ಸುರುಳಿ 90.2 ಎಂದೂ ಏರಿಕೆ 58.2 ಎಂದೂ ಬರುತ್ತದೆ. ನಷ್ಟದ ಲೆಕ್ಕದಲ್ಲಿ ಯಂತ್ರವನ್ನು ಉಳಿಸಿದ 36 ಡಿಗ್ರಿಯೇ ತಾಪಮಾನ ಏರಿಕೆಯ ಲೆಕ್ಕದಲ್ಲಿ ಅದನ್ನು ಬೀಳಿಸುತ್ತದೆ. ಎರಡೂ ಪರೀಕ್ಷೆಗಳು ಒಟ್ಟಿಗೆ ಗೆಲ್ಲಬೇಕಾದರೆ ನಷ್ಟದ ಹಾಳೆಯಲ್ಲಿ ಒಂದು ತಾಪಮಾನ, ಏರಿಕೆಯ ಹಾಳೆಯಲ್ಲಿ ಇನ್ನೊಂದು ತಾಪಮಾನ ಇರಬೇಕು. ಆ ಎರಡು ಹಾಳೆಗಳು ಬೇರೆ ಬೇರೆ ಹೊತ್ತಿನಲ್ಲಿ ಸಹಿಗೆ ಬರುವುದರಿಂದ, ಪ್ರತಿ ಹಾಳೆಯಲ್ಲೂ ಫಲಿತಾಂಶದ ಸಾಲನ್ನಷ್ಟೇ ನೋಡಿ ಸಹಿ ಹಾಕುವ ಅಧಿಕಾರಿಗೆ ಈ ವೈರುಧ್ಯ ಎಂದೂ ಕಾಣುವುದಿಲ್ಲ. ಒಂದೇ ತಣ್ಣನೆಯ ರೋಧಕ್ಕೆ ಒಂದೇ ಕಡತದಲ್ಲಿ ಎರಡು ತಾಪಮಾನಗಳಿವೆಯೇ ಎಂದು ಹುಡುಕುವುದು ಅನುಭವಿ ತಪಾಸಕರು ಮಾಡುವ ಮೊದಲ ಕೆಲಸಗಳಲ್ಲೊಂದು, ಮತ್ತು ಅದು ಸಿಕ್ಕಾಗ ಅದನ್ನು ಬರೆಯುವುದು ಅವರ ಕರ್ತವ್ಯ. ಇಂಥ ವೈರುಧ್ಯ ಯಾವಾಗಲೂ ಮೋಸದಿಂದಲೇ ಹುಟ್ಟುತ್ತದೆಂದು ಹೇಳುವುದು ಅನ್ಯಾಯ. ಹಗಲು ಪಾಳಿಯವರು ಮೇಲಿನ ಎಣ್ಣೆಯ ಮಾಪಕವನ್ನಷ್ಟೇ ಓದಿರಬಹುದು, ರಾತ್ರಿ ಪಾಳಿಯವರು ಸರಾಸರಿ ತೆಗೆದಿರಬಹುದು. ಕಾರಣ ಯಾವುದೇ ಇರಲಿ, ಸಂಖ್ಯೆ ಮಾತ್ರ ತಪ್ಪೇ.

ಚೊಕ್ಕ ವರದಿಯ ಪಕ್ಷದವರು ಇಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ, ವ್ಯತ್ಯಾಸ ಒಂದು ಕಿಲೋವ್ಯಾಟಿಗಿಂತ ಕಡಿಮೆ, ಅಳತೆಯ ಉಪಕರಣಗಳ ಅನಿಶ್ಚಿತತೆಯೇ ಅದಕ್ಕಿಂತ ಹೆಚ್ಚಿರಬಹುದು, ಆದ್ದರಿಂದ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ ಎಂಬುದು. ಅನಿಶ್ಚಿತತೆಯ ಮಾತು ನಿಜ, ಮತ್ತು ಅದನ್ನು ಗೌರವಿಸಬೇಕು. ಪ್ರವಾಹ ಪರಿವರ್ತಕ, ವೋಲ್ಟೇಜ್ ಪರಿವರ್ತಕ ಮತ್ತು ಶಕ್ತಿಮಾಪಕ ಇವು ಮೂರರ ದೋಷಗಳೂ ಸೇರಿ, ಅದರಲ್ಲೂ ದೊಡ್ಡ ಪರಿವರ್ತಕಗಳ ಹೊರೆ ನಷ್ಟದಂಥ ತೀರ ಕಡಿಮೆ ಶಕ್ತಿ ಗುಣಾಂಕದ ಅಳತೆಯಲ್ಲಿ, 60 ಕಿಲೋವ್ಯಾಟಿನ ಮೇಲೆ 0.13 ಕಿಲೋವ್ಯಾಟ್ ಹೆಚ್ಚೆಂದು ಖಚಿತವಾಗಿ ಸಾರಲು ಬಿಡುವುದಿಲ್ಲ. ಆದರೆ ಅನಿಶ್ಚಿತತೆ ಎರಡೂ ದಿಕ್ಕಿನಲ್ಲಿ ಹರಡಿರುವಂಥದ್ದು, ತಾಪಮಾನದ ತಪ್ಪು ಆಯ್ಕೆಯಾದರೋ ಒಂದೇ ದಿಕ್ಕಿಗೆ ಎಳೆಯುವಂಥದ್ದು. ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ಮುಚ್ಚುವುದು ತಾರ್ಕಿಕವಾಗಿ ನಿಲ್ಲುವುದಿಲ್ಲ. ಇಂಥಲ್ಲಿ ವರದಿ ಮಾಡಬೇಕಾದ ಕೆಲಸ 36 ಮತ್ತು 26 ಎಂಬ ಎರಡೂ ತಾಪಮಾನಗಳನ್ನು, ಎಣ್ಣೆ ತುಂಬಿದ ಹೊತ್ತನ್ನು, ಅಳೆದ ಹೊತ್ತನ್ನು ಬರೆದು, ಸುರುಳಿಯ ತಾಪಮಾನ ತಿಳಿಯದ ಸ್ಥಿತಿಯಲ್ಲಿ ಅಳತೆ ನಡೆದಿದೆಯೆಂದು ದಾಖಲಿಸಿ, ಎಣ್ಣೆ ಸಮಸ್ಥಿತಿಗೆ ಬಂದ ಮೇಲೆ ಮರು ಅಳತೆಯನ್ನು ಕೇಳುವುದು. ಮರು ಅಳತೆ ತಯಾರಕರ ಪರವಾಗಿಯೂ ಬರಬಹುದು: ಸುರುಳಿ ನಿಜವಾಗಿ 32 ಡಿಗ್ರಿಯಲ್ಲಿದ್ದಿದ್ದರೆ ಅದೇ ನಷ್ಟ 59.95 ಕಿಲೋವ್ಯಾಟ್ ಆಗುತ್ತಿತ್ತು, ಖಾತರಿ ಉಳಿಯುತ್ತಿತ್ತು. ವಿಚಲನೆಯನ್ನು ಬರೆಯುವುದೆಂದರೆ ತಯಾರಕರ ವಿರುದ್ಧ ಬರೆಯುವುದು ಎಂಬ ಭಾವನೆ ಎಷ್ಟು ಆಧಾರರಹಿತವೆಂಬುದಕ್ಕೆ ಈ ಒಂದು ಡಿಗ್ರಿ ಸಾಕು.

ಮಿತಿಯೊಳಗಿದ್ದರೆ ಬರೆಯಬೇಕಿಲ್ಲ ಎಂಬ ವಾದದ ಬೇರು ಇನ್ನೊಂದು ಗೊಂದಲದಲ್ಲಿದೆ. ಭಾರತೀಯ ಮಾನಕ 2026 ಮತ್ತು ಅದಕ್ಕೆ ಸಂವಾದಿಯಾದ ಅಂತರರಾಷ್ಟ್ರೀಯ ಮಾನಕ 60076 ಇವುಗಳು ಒಟ್ಟು ನಷ್ಟಕ್ಕೆ ಶೇಕಡಾ 10ರಷ್ಟು, ಬಿಡಿ ನಷ್ಟಗಳಿಗೆ, ಒಟ್ಟು ಮಿತಿ ಮೀರದಿದ್ದರೆ, ಶೇಕಡಾ 15ರಷ್ಟು ಮೇಲ್ಮುಖ ಸಡಿಲಿಕೆಯನ್ನು ಹೇಳುತ್ತವೆ. ಈ ಸಂಖ್ಯೆಗಳನ್ನು ಪರೀಕ್ಷಾಂಗಣದಲ್ಲಿ ಅನೇಕರು ಸ್ವೀಕಾರದ ಗೆರೆಯೆಂದೇ ಉಲ್ಲೇಖಿಸುತ್ತಾರೆ, ಆದರೆ ಅವು ಉಕ್ಕಿನ ಹಾಳೆಯ ಗುಣದಲ್ಲಿ, ಸುತ್ತುವ ಕೈಯಲ್ಲಿ, ಜೋಡಣೆಯಲ್ಲಿ ಅನಿವಾರ್ಯವಾಗಿ ಬರುವ ಏರುಪೇರಿಗೆ ಕೊಟ್ಟ ಜಾಗ, ಖರೀದಿದಾರರು ಬೇರೆ ಷರತ್ತು ಹಾಕದಿದ್ದಾಗ ಅನ್ವಯಿಸುವ ಸಾಮಾನ್ಯ ನಿಯಮ. ಗುತ್ತಿಗೆಯು ಮೀರಬಾರದ ಗರಿಷ್ಠ ನಷ್ಟವನ್ನು ಹೇಳಿದಾಗ, ಹಾಗೂ ಟೆಂಡರ್ ಮೌಲ್ಯಮಾಪನದಲ್ಲಿ ಪ್ರತಿ ಕಿಲೋವ್ಯಾಟ್ ನಷ್ಟಕ್ಕೂ ಅದು ಯಂತ್ರದ ಆಯುಷ್ಯದಲ್ಲಿ ತರುವ ವೆಚ್ಚವನ್ನು ಹಣದ ರೂಪದಲ್ಲಿ ಬೆಲೆಗೆ ಕೂಡಿಸಿ ಯಾರು ಕಡಿಮೆ ಎಂದು ತೀರ್ಮಾನಿಸಿದಾಗ, ಮಾನಕದ ಸಡಿಲಿಕೆಯನ್ನು ಮತ್ತೆ ಒಳಗೆ ತರುವುದೆಂದರೆ ಸೋತ ತಯಾರಕರಿಗೆ ಅನ್ಯಾಯ ಮಾಡಿದಂತೆ. ನಿರ್ಭಾರ ನಷ್ಟ 10ರ ಬದಲು 11 ಕಿಲೋವ್ಯಾಟ್ ಬಂದರೆ ಮಾನಕದ ಸಡಿಲಿಕೆಯ ದೃಷ್ಟಿಯಿಂದ ಅದು ಮಿತಿಯೊಳಗೇ ಇದೆ. ಆದರೆ ಆ ಒಂದು ಕಿಲೋವ್ಯಾಟ್ ಹಗಲೂ ರಾತ್ರಿಯೂ, ಹೊರೆ ಇದ್ದರೂ ಇಲ್ಲದಿದ್ದರೂ, ವರ್ಷದ 8,760 ಗಂಟೆಗಳೂ ವ್ಯಯವಾಗುತ್ತದೆ, ಅಂದರೆ ಪ್ರತಿ ವರ್ಷ 8,760 ಯೂನಿಟ್, 25 ವರ್ಷಗಳಲ್ಲಿ 2,19,000 ಯೂನಿಟ್. ಅದರ ಬೆಲೆಯನ್ನು ಕಟ್ಟುವವರು ಗ್ರಾಹಕರು. ತಪಾಸಣಾ ವರದಿಯಲ್ಲಿ ಮಿತಿಯೊಳಗಿದೆ ಎಂಬ ಒಂದೇ ಪದ ಇವೆಲ್ಲವನ್ನೂ ಅಳಿಸಿಬಿಡುತ್ತದೆ.

ಗುತ್ತಿಗೆಯೂ ಮಾನಕವೂ ಎರಡೂ ಒಪ್ಪುವ ಮಿತಿಯೊಳಗೆ ಬಿದ್ದ ಅಳತೆಯೂ ಕೆಲವೊಮ್ಮೆ ಬರೆಯಲೇಬೇಕಾದ ಸಂಗತಿಯಾಗುತ್ತದೆ. ಹೊರೆ ಹೊತ್ತಾಗ ಪರಿವರ್ತಕದೊಳಗೆ ಎಷ್ಟು ವೋಲ್ಟೇಜ್ ಕುಸಿಯುತ್ತದೆಂಬುದನ್ನು ಸೂಚಿಸುವ ಇಂಪೀಡೆನ್ಸ್ ಶೇಕಡಾ 10 ಎಂದು ಒಪ್ಪಂದವಿದ್ದು, ಅದಕ್ಕೆ ಎರಡೂ ಕಡೆ ಶೇಕಡಾ 7.5ರ ಸಡಿಲಿಕೆ ಇದ್ದರೆ, 9.25ರಿಂದ 10.75ರವರೆಗಿನ ಯಾವುದೂ ನಿಯಮಬದ್ಧ. ಅಳತೆ 9.3 ಬಂದಿದೆ. ಉಪಕೇಂದ್ರದಲ್ಲಿ ಅದರ ಪಕ್ಕದಲ್ಲಿ ಸಮಾನಾಂತರವಾಗಿ ಓಡಬೇಕಾದ ಹಳೆಯ 12.5 ಎಂ.ವಿ.ಎ. ಪರಿವರ್ತಕದ ಇಂಪೀಡೆನ್ಸ್ 10.6, ಅದೂ ನಿಯಮಬದ್ಧವೇ. ಆದರೆ ಎರಡೂ ಸೇರಿ 25 ಎಂ.ವಿ.ಎ. ಹೊತ್ತಾಗ ಹೊರೆ ಇಂಪೀಡೆನ್ಸಿನ ವ್ಯಸ್ತ ಅನುಪಾತದಲ್ಲಿ ಹಂಚಿಕೆಯಾಗುವುದರಿಂದ ಹೊಸ ಯಂತ್ರದ ಮೇಲೆ 13.3 ಎಂ.ವಿ.ಎ. ಬೀಳುತ್ತದೆ, ಹಳೆಯದರ ಮೇಲೆ 11.7. ಹೊಸ ಯಂತ್ರ ತನ್ನ ಸಾಮರ್ಥ್ಯಕ್ಕಿಂತ ಶೇಕಡಾ 6.5ರಷ್ಟು ಹೆಚ್ಚು ಹೊರುತ್ತದೆ, ಹಳೆಯದು ತನ್ನ ಪೂರ್ಣ ಸಾಮರ್ಥ್ಯವನ್ನು ಮುಟ್ಟದೆ ಉಳಿಯುತ್ತದೆ. ಇದು ತಯಾರಕರ ತಪ್ಪಲ್ಲ, ತಿರಸ್ಕಾರಕ್ಕೆ ಕಾರಣವೂ ಅಲ್ಲ. ಆದರೂ ಉಪಕೇಂದ್ರದ ಯೋಜನಾ ವಿಭಾಗಕ್ಕೆ ಈ ಮಾತನ್ನು ಮುಟ್ಟಿಸುವ ಕಾಗದ ತಪಾಸಣಾ ವರದಿಯೊಂದೇ, ಅದು 9.3 ಎಂಬ ಸಂಖ್ಯೆಯನ್ನು ಬಿಟ್ಟು ತೃಪ್ತಿಕರ ಎಂಬ ಪದವನ್ನು ಮಾತ್ರ ಬರೆದಿದ್ದರೆ ವಿಷಯ ತಿಳಿಯುವುದು ಬೇಸಿಗೆಯ ಗರಿಷ್ಠ ಹೊರೆಯ ದಿನ.

ಇವೆಲ್ಲಕ್ಕಿಂತ ಗಂಭೀರವಾದ ವಿಚಲನೆಗಳು ಅಳತೆಯ ಹಾಳೆಯಲ್ಲಿ ಜಾಗವನ್ನೇ ಪಡೆಯದವು. ನಿರೋಧನದ ಪರೀಕ್ಷೆಗಳಲ್ಲಿ ಪ್ರೇರಿತ ಅಧಿಕ ವೋಲ್ಟೇಜ್ ಪರೀಕ್ಷೆಯೊಂದಿದೆ. ಇದರಲ್ಲಿ 11 ಕಿಲೋವೋಲ್ಟ್ ಸುರುಳಿಗೆ ಅದರ ಎರಡು ಪಟ್ಟು ವೋಲ್ಟೇಜ್ ಕೊಟ್ಟು, ಸುರುಳಿಯ ಸುತ್ತುಸುತ್ತುಗಳ ನಡುವಿನ ನಿರೋಧನ ಅದನ್ನು ತಡೆಯುತ್ತದೆಯೇ ಎಂದು ನೋಡಲಾಗುತ್ತದೆ. 50 ಹರ್ಟ್ಸ್‌ನಲ್ಲಿ ಎರಡು ಪಟ್ಟು ವೋಲ್ಟೇಜ್ ಕೊಟ್ಟರೆ ಕೋರ್ ಕಾಂತೀಯವಾಗಿ ತುಂಬಿಹೋಗಿ ಅತಿಯಾದ ಪ್ರವಾಹ ಎಳೆಯುವುದರಿಂದ ಆವರ್ತನವನ್ನು ಏರಿಸಬೇಕಾಗುತ್ತದೆ, ಮತ್ತು ಆವರ್ತನ ಏರಿದಷ್ಟೂ ಅವಧಿ ಕಡಿಮೆಯಾಗುತ್ತದೆ: 120 ಸೆಕೆಂಡುಗಳನ್ನು ಮೂಲ ಆವರ್ತನದಿಂದ ಗುಣಿಸಿ ಪರೀಕ್ಷೆಯ ಆವರ್ತನದಿಂದ ಭಾಗಿಸಬೇಕು, ಆದರೆ 15 ಸೆಕೆಂಡಿಗಿಂತ ಕಡಿಮೆ ಆಗಬಾರದು. 200 ಹರ್ಟ್ಸ್‌ಗೆ ಅದು 30 ಸೆಕೆಂಡು. ಪರೀಕ್ಷೆ ಗೆದ್ದಿದೆಯೆಂದು ಹೇಳಲು ಬೇಕಾದುದು ಈ ಅವಧಿಯಲ್ಲಿ ವೋಲ್ಟೇಜ್ ಕುಸಿಯದಿರುವುದು.

ಉದಾಹರಣೆಯ ಯಂತ್ರದಲ್ಲಿ 21ನೆಯ ಸೆಕೆಂಡಿನಲ್ಲಿ ವೋಲ್ಟೇಜ್ ಕುಸಿದು ಜನರೇಟರಿನ ರಕ್ಷಣಾ ಸ್ವಿಚ್ ತೆರೆದುಕೊಳ್ಳುತ್ತದೆ. ಪರೀಕ್ಷಾಂಗಣದ ಮುಖ್ಯಸ್ಥರು ಹೊರಗಿನ ಸಂಪರ್ಕ ತಂತಿಯಿಂದ ಬೇಲಿಗೆ ಕಿಡಿ ಹಾರಿದೆ ಎನ್ನುತ್ತಾರೆ, ತಂತಿಯನ್ನು ದೂರ ಸರಿಸಿ ಮತ್ತೆ ಪರೀಕ್ಷೆ ನಡೆಸುತ್ತಾರೆ, ಈ ಬಾರಿ 30 ಸೆಕೆಂಡೂ ವೋಲ್ಟೇಜ್ ನಿಲ್ಲುತ್ತದೆ. ಪ್ರಚಲಿತ ರೂಢಿಯಂತೆ ವರದಿಯಲ್ಲಿ ಉಳಿಯುವುದು ಎರಡನೆಯ ಪ್ರಯತ್ನ ಮಾತ್ರ. ಮೊದಲನೆಯದರ ಬಗ್ಗೆ ಒಂದು ಸಾಲೂ ಇಲ್ಲ, ಏಕೆಂದರೆ ಪರೀಕ್ಷೆ ಕೊನೆಗೆ ಗೆದ್ದಿದೆ ಎಂಬುದೇ ವಾದ. ಈ ವಾದವನ್ನು ಕಟುವಾಗಿ ಖಂಡಿಸಬೇಕಾಗಿದೆ. ಮೊದಲ ಕುಸಿತಕ್ಕೆ ಸಾಧ್ಯವಿರುವ ಕಾರಣಗಳು ಎರಡು, ಒಂದು ಹೊರಗಿನ ಕಿಡಿ, ಇನ್ನೊಂದು ಒಳಗಿನ ಕಿಡಿ. ಒಳಗಿನ ಕಿಡಿ ಎಣ್ಣೆಯಲ್ಲಿ ಆದರೆ ಎಣ್ಣೆ ಮತ್ತೆ ಆ ಜಾಗವನ್ನು ತುಂಬಿಕೊಂಡು ಎರಡನೆಯ ಪ್ರಯತ್ನವನ್ನು ತಡೆದುಕೊಳ್ಳಬಹುದು, ಕಾಗದದ ನಿರೋಧನದ ಮೇಲೆ ಮಾತ್ರ ಸುಟ್ಟ ಗೆರೆ ಉಳಿದಿರುತ್ತದೆ. ಎರಡನೆಯ ಪ್ರಯತ್ನ ಗೆದ್ದಿತೆಂಬುದು ಮೊದಲನೆಯದರಲ್ಲಿ ಒಳಗೆ ಏನೂ ಆಗಿಲ್ಲವೆಂದು ಸಾಬೀತುಪಡಿಸುವುದಿಲ್ಲ. ಸಾಬೀತುಪಡಿಸಬಲ್ಲ ಸಂಗತಿಗಳು ಬೇರೆಯೇ ಇವೆ: ಬೇಲಿಯ ಮೇಲೂ ತಂತಿಯ ತುದಿಯಲ್ಲೂ ಕಿಡಿಯ ಕಲೆ ಇದೆಯೇ ಎಂದು ಕಣ್ಣಾರೆ ನೋಡಿ ಛಾಯಾಚಿತ್ರ ತೆಗೆಯಬೇಕು; ನಿರ್ಭಾರ ನಷ್ಟವನ್ನು ಮತ್ತೆ ಅಳೆದು ಹಿಂದಿನದಕ್ಕೆ ಹೋಲಿಸಬೇಕು, ಸುತ್ತುಗಳ ನಡುವೆ ಶಾರ್ಟ್ ಆಗಿದ್ದರೆ ಅದು ಏರುತ್ತದೆ; ಪರೀಕ್ಷೆಗೆ ಮುಂಚೆ ಮತ್ತು ನಂತರ ತೆಗೆದ ಎಣ್ಣೆಯ ಮಾದರಿಗಳಲ್ಲಿ ಕರಗಿದ ಅನಿಲಗಳನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಿ ಅಸಿಟಿಲೀನ್ ಹುಟ್ಟಿದೆಯೇ ಎಂದು ನೋಡಬೇಕು, ಏಕೆಂದರೆ ಎಣ್ಣೆಯಲ್ಲಿ ಕಿಡಿ ಹಾರಿದಾಗ ಮುಖ್ಯವಾಗಿ ಹುಟ್ಟುವ ಅನಿಲಗಳಲ್ಲಿ ಅದೊಂದು. ಮೊದಲ ಕುಸಿತವನ್ನು ವರದಿಯಿಂದ ಬಿಟ್ಟುಬಿಟ್ಟರೆ ಈ ಮೂರರಲ್ಲಿ ಯಾವುದನ್ನೂ ಕೇಳಲು ಯಾರಿಗೂ ಕಾರಣವಿರುವುದಿಲ್ಲ. ಮೂರು ವರ್ಷಗಳ ನಂತರ ಆ ಯಂತ್ರ ಉಪಕೇಂದ್ರದಲ್ಲಿ ಸುಟ್ಟುಹೋದರೆ, ತನಿಖೆ ನಡೆಸುವವರು ಕಾರ್ಖಾನೆಯ ಕಡತವನ್ನು ತೆರೆದು ಅಲ್ಲಿ 30 ಸೆಕೆಂಡುಗಳ ಗೆಲುವನ್ನಷ್ಟೇ ಓದಿ, ದೋಷವನ್ನು ಸಿಡಿಲಿನ ಮೇಲೋ ನಿರ್ವಹಣೆಯ ಮೇಲೋ ಹೊರಿಸುತ್ತಾರೆ. ಮರುಪರೀಕ್ಷೆಯೂ ಉಳಿದ 9 ಸೆಕೆಂಡುಗಳಿಗಲ್ಲ, ಮೊದಲಿನಿಂದ ಪೂರ್ಣ ಅವಧಿಗೆ, ಪೂರ್ಣ ವೋಲ್ಟೇಜಿನಲ್ಲಿ ನಡೆದಿದೆಯೇ ಎಂಬುದು ಸಹ ವರದಿಯಲ್ಲಿರಬೇಕಾದ ಮಾತು.

ಚೊಕ್ಕ ವರದಿಯ ಪರವಾಗಿ ಹೇಳುವವರ ಬಳಿ ಪ್ರಾಮಾಣಿಕವಾದ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವುದು ಸರಿಯಲ್ಲ. ವಿಚಲನೆಯನ್ನು ಬರೆದ ಅಧಿಕಾರಿಯನ್ನೇ ಲೆಕ್ಕಪರಿಶೋಧಕರು ಹಿಡಿದುಕೊಳ್ಳುತ್ತಾರೆ, ಹೀಗೆ ಗೊತ್ತಿದ್ದೂ ಏಕೆ ಸ್ವೀಕರಿಸಿದಿರಿ ಎಂದು ಕೇಳುತ್ತಾರೆ, ಏನೂ ಬರೆಯದವರನ್ನು ಯಾರೂ ಕೇಳುವುದಿಲ್ಲ ಎಂಬುದು ಅವುಗಳಲ್ಲಿ ಅತ್ಯಂತ ಬಲವಾದುದು. ಇದು ಬಹಳ ಕಚೇರಿಗಳ ಅನುಭವಕ್ಕೆ ಹತ್ತಿರವಾದ ಮಾತು. ಆದರೆ ಈ ಆಕ್ಷೇಪ ತೋರಿಸುವುದು ವರದಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತುಹೋಗಿವೆ ಎಂಬುದನ್ನು. ಕಂಡದ್ದನ್ನು ಬರೆಯುವುದು ಒಂದು ಕೆಲಸ, ಅದನ್ನು ಇಟ್ಟುಕೊಂಡು ನಿರ್ಧರಿಸುವುದು ಇನ್ನೊಂದು. ಗುತ್ತಿಗೆಯ ಷರತ್ತನ್ನು ಸಡಿಲಿಸುವ ಅಧಿಕಾರ ತಪಾಸಣಾ ಅಧಿಕಾರಿಗೆ ಇಲ್ಲ, ಅದು ಗುತ್ತಿಗೆಗೆ ಸಹಿ ಹಾಕಿದ ಪ್ರಾಧಿಕಾರದ್ದು. ಖಾತರಿ ಮೀರಿದ ನಷ್ಟವನ್ನು ಕಂಡೂ ಬರೆಯದೆ ಸ್ವೀಕೃತ ಎಂದು ಸಹಿ ಹಾಕಿದ ಅಧಿಕಾರಿ ತನಗಿಲ್ಲದ ಆ ಅಧಿಕಾರವನ್ನು ಮೌನದಿಂದ ಚಲಾಯಿಸಿದ್ದಾರೆ. ಲೆಕ್ಕಪರಿಶೋಧನೆಯ ಎದುರು ದುರ್ಬಲವಾಗುವುದು ಆ ಸ್ಥಾನ. ಅಳತೆಯನ್ನು ಅದರ ಸ್ಥಿತಿಗತಿಗಳೊಂದಿಗೆ ಬರೆದು, ಮೀರಿದ್ದನ್ನು ಮೀರಿದೆ ಎಂದು ಗುರುತಿಸಿ, ನಿರ್ಧಾರವನ್ನು ಅಧಿಕಾರವುಳ್ಳವರಿಗೆ ಕಳುಹಿಸಿದವರು ತಮ್ಮ ಕೆಲಸವನ್ನು ಪೂರ್ಣವಾಗಿ ಮಾಡಿದ್ದಾರೆ.

ಇನ್ನೊಂದು ಆಕ್ಷೇಪ ವಿಳಂಬದ್ದು. ಉಪಕೇಂದ್ರ ಕಾಯುತ್ತಿದೆ, ರವಾನೆಗೆ ವಾಹನ ಗೊತ್ತಾಗಿದೆ, ಮರು ಅಳತೆಯೆಂದರೆ ಇನ್ನೊಂದು ದಿನ. ಈ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ: ಎಣ್ಣೆ ತಣಿಯಲು ಬೇಕಾದುದು ಒಂದು ರಾತ್ರಿ, ಉಪಕೇಂದ್ರದ ಅಡಿಪಾಯದ ಮೇಲೆ ನಿಂತ ಯಂತ್ರವನ್ನು ಮತ್ತೆ ಕಾರ್ಖಾನೆಗೆ ತರಲು ಬೇಕಾದುದು ತಿಂಗಳುಗಳು.

ತಪಾಸಣಾ ಅಧಿಕಾರಿ ವಿನ್ಯಾಸಕಾರರಲ್ಲ, ಪರೀಕ್ಷೆಯ ತಾಂತ್ರಿಕ ಹೊಣೆ ತಯಾರಕರ ಪ್ರಯೋಗಾಲಯದ್ದು, ಸಾಕ್ಷಿಯ ಕೆಲಸ ಸಾಕ್ಷ್ಯವಷ್ಟೇ ಎಂಬ ಮೂರನೆಯ ಆಕ್ಷೇಪವು ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ನ್ಯಾಯಾಲಯದಲ್ಲಿಯೂ ಸಾಕ್ಷಿ ತೀರ್ಪು ಕೊಡುವವರಲ್ಲ, ಕಂಡದ್ದನ್ನು ಕಂಡಂತೆ ಹೇಳುವವರು. ಎಣ್ಣೆಯ ಎರಡು ತಾಪಮಾನಗಳು, ಅಳತೆ ನಡೆದ ಹೊತ್ತು, ಮಾಪಕಗಳ ಕ್ರಮಾಂಕ ಮತ್ತು ಅವುಗಳ ಮಾಪನಾಂಕ ನಿರ್ಣಯದ ಪ್ರಮಾಣಪತ್ರ ಎಂದಿನವರೆಗೆ ಚಾಲ್ತಿಯಲ್ಲಿದೆ ಎಂಬುದು, ಪರೀಕ್ಷೆ ನಿಂತ ಕ್ಷಣ, ಮತ್ತೆ ಆರಂಭವಾದ ಕ್ಷಣ, ನಡುವೆ ಏನನ್ನು ಬದಲಿಸಲಾಯಿತು ಎಂಬುದು, ಇವುಗಳನ್ನು ಬರೆಯಲು ವಿನ್ಯಾಸಕಾರರ ಜ್ಞಾನ ಬೇಕಿಲ್ಲ. ಇವುಗಳನ್ನು ಬಿಟ್ಟು ಕೊನೆಯ ಫಲಿತಾಂಶವನ್ನು ಮಾತ್ರ ಬರೆದಾಗಲೇ ಸಾಕ್ಷಿ ತನ್ನ ಪಾತ್ರವನ್ನು ದಾಟಿ ತೀರ್ಪಿಗೆ ಕೈಹಾಕುವುದು.

ನಿರ್ಧಾರದ ಭಾಗದಲ್ಲಿಯೂ ಒಂದು ಕೆಟ್ಟ ರೂಢಿ ಬೆಳೆದಿದೆ. ಸ್ವೀಕೃತವೋ ತಿರಸ್ಕೃತವೋ ಎಂಬ ಇಬ್ಬಗೆಯಿಂದ ತಪ್ಪಿಸಿಕೊಳ್ಳಲು ಷರತ್ತಿಗೆ ಒಳಪಟ್ಟು ಸ್ವೀಕೃತ ಎಂದು ಬರೆದು, ಷರತ್ತುಗಳನ್ನು ರವಾನೆಗೆ ಮುನ್ನ ಸರಿಪಡಿಸತಕ್ಕದ್ದು ಎಂಬ ಒಂದು ಸಾಲಿನಲ್ಲಿ ಮುಗಿಸುವುದು ಆ ರೂಢಿ. ಯಾರು ಸರಿಪಡಿಸಬೇಕು, ಯಾವ ದಾಖಲೆಯಿಂದ ಅದು ಸಾಬೀತಾಗಬೇಕು, ಅದನ್ನು ನೋಡಿ ಒಪ್ಪುವವರು ಯಾರು, ಅಲ್ಲಿಯವರೆಗೆ ರವಾನೆಯ ಅನುಮತಿ ತಡೆಹಿಡಿಯಲ್ಪಟ್ಟಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಷರತ್ತು ಷರತ್ತೇ ಅಲ್ಲ. ಪರೀಕ್ಷಾ ವರದಿಗೆ ಸಹಿ ಹಾಕುವುದೂ ರವಾನೆಗೆ ಅನುಮತಿ ಕೊಡುವುದೂ ಎರಡು ಬೇರೆ ಪತ್ರಗಳು. ಮೊದಲನೆಯದು ಪರೀಕ್ಷಾಂಗಣದಲ್ಲಿ ಅಂದೇ ಆಗಬಹುದು, ಎರಡನೆಯದು ಬಾಕಿ ಇರುವ ಪ್ರತಿಯೊಂದು ಅಂಶಕ್ಕೂ ಉತ್ತರ ಬಂದ ಮೇಲೆಯೇ ಆಗಬೇಕು.

ಈ ಬೆಳಕಿನಲ್ಲಿ ಉದಾಹರಣೆಯ 12.5 ಎಂ.ವಿ.ಎ. ಪರಿವರ್ತಕದ ವರದಿಯ ನಿರ್ಧಾರ ಹೇಗಿರಬೇಕೆಂಬುದು ಸ್ಪಷ್ಟವಾಗುತ್ತದೆ. ಮೊದಲ ದಿನದ ಹೊರೆ ನಷ್ಟ ಮತ್ತು ತಣ್ಣನೆಯ ರೋಧದ ಅಳತೆಗಳು ಎಣ್ಣೆ ಸಮಸ್ಥಿತಿಗೆ ಬರುವ ಮುನ್ನ ನಡೆದವೆಂದು ಕಾರಣಸಹಿತ ದಾಖಲಾಗುತ್ತವೆ, ಅವುಗಳನ್ನು ಹೊಡೆದುಹಾಕುವುದಿಲ್ಲ. ಮರುದಿನ ಬೆಳಿಗ್ಗೆ ಮೇಲಿನ ಎಣ್ಣೆ 29, ಕೆಳಗಿನದು 27 ಇದ್ದಾಗ ನಡೆದ ಮರು ಅಳತೆಯಲ್ಲಿ ಹೊರೆ ನಷ್ಟ 75 ಡಿಗ್ರಿಗೆ 60.1 ಕಿಲೋವ್ಯಾಟ್ ಬಂದರೆ, ಅದು ಖಾತರಿಗಿಂತ 0.1 ಹೆಚ್ಚೆಂದು, ಅಳತೆ ವ್ಯವಸ್ಥೆಯ ಅನಿಶ್ಚಿತತೆ ಇಷ್ಟೆಂದು ಎರಡನ್ನೂ ಬರೆದು, ಗುತ್ತಿಗೆಯಲ್ಲಿ ಹೇಳಿದ ದಂಡದ ದರವನ್ನು ಅನ್ವಯಿಸಬೇಕೇ ಎಂಬ ತೀರ್ಮಾನಕ್ಕಾಗಿ ಗುತ್ತಿಗೆ ಪ್ರಾಧಿಕಾರಕ್ಕೆ ಕಳುಹಿಸಲಾಗುತ್ತದೆ. ತಾಪಮಾನ ಏರಿಕೆಯನ್ನು ಹೊಸ ತಣ್ಣನೆಯ ರೋಧದಿಂದ ಮತ್ತೆ ಲೆಕ್ಕಹಾಕಿ ಅದು 55ರ ಒಳಗಿದೆಯೆಂದು ಖಚಿತಪಡಿಸಲಾಗುತ್ತದೆ, ಎರಡೂ ಹಾಳೆಗಳಲ್ಲಿ ಒಂದೇ ತಾಪಮಾನ ಇರುತ್ತದೆ. 9.3ರ ಇಂಪೀಡೆನ್ಸ್ ನಿಯಮಬದ್ಧವೆಂದು ಸ್ವೀಕೃತವಾಗುತ್ತದೆ, ಅದರ ಜೊತೆಗೆ ಹಳೆಯ ಯಂತ್ರದೊಂದಿಗೆ ಹೊರೆ ಹಂಚಿಕೆಯ ಲೆಕ್ಕವನ್ನು ಲಗತ್ತಿಸಿ ಪ್ರತಿಯನ್ನು ಯೋಜನಾ ವಿಭಾಗಕ್ಕೆ ಕಳುಹಿಸಲಾಗುತ್ತದೆ. ಪ್ರೇರಿತ ವೋಲ್ಟೇಜ್ ಪರೀಕ್ಷೆಯ ಮೊದಲ ಪ್ರಯತ್ನ 21ನೆಯ ಸೆಕೆಂಡಿನಲ್ಲಿ ಕುಸಿದದ್ದು, ಬೇಲಿಯ ಮೇಲೆ ಕಂಡ ಕಿಡಿಯ ಕಲೆಯ ಛಾಯಾಚಿತ್ರ, ಎರಡನೆಯ ಪ್ರಯತ್ನದ ಪೂರ್ಣ 30 ಸೆಕೆಂಡುಗಳು, ಮರು ಅಳತೆಯಲ್ಲಿ ಬದಲಾಗದ ನಿರ್ಭಾರ ನಷ್ಟ ಇವು ಒಂದರ ಕೆಳಗೊಂದು ದಾಖಲಾಗುತ್ತವೆ. ಪರೀಕ್ಷೆಯ ಮುಂಚಿನ ಮತ್ತು ನಂತರದ ಎಣ್ಣೆಯ ಮಾದರಿಗಳು ಮುದ್ರೆಯೊತ್ತಿ ಪ್ರಯೋಗಾಲಯಕ್ಕೆ ಹೋಗುತ್ತವೆ, ಮತ್ತು ಅಸಿಟಿಲೀನ್ ಕಂಡುಬಂದಿಲ್ಲವೆಂಬ ವರದಿ ಖರೀದಿದಾರರ ಕೈಸೇರುವವರೆಗೆ ಪರಿವರ್ತಕ ಕಾರ್ಖಾನೆಯ ಅಂಗಳದಲ್ಲಿಯೇ ನಿಲ್ಲುತ್ತದೆ.